‘ಆಘಾತವಾಗಿರುತ್ತದೆ’ ಅಂದರೆ ಯಾರಿಗೆ ಸ್ವಾಮಿ?

ನಮ್ಮ ಪಂಚಾಯಿತಿಯ ನೀರುಗಂಟಿಯವರ ತಾಯಿ ಒಂದು ಮಂಗಳವಾರ ರಾತ್ರಿ ತೀರಿಕೊಂಡರು. ಬುಧವಾರ ಮಧ್ಯಾಹ್ನ ಮಣ್ಣು ಮಾಡಿದರು. ಗುರುವಾರ ಬೆಳಗಿನ ಜಾವ ಐದು ಗಂಟೆಗೆ ಅದೇ ನೀರುಗಂಟಿ ಸೈಕಲ್ ತುಳಿದುಕೊಂಡು ಬಂದು ಬೋರ್‌ವೆಲ್ ಮೋಟಾರ್ ಹಾಕಿದರು. ಬದಲಿಗೆ ಯಾರೂ ಇರಲಿಲ್ಲ. ಅವರು ಬರದಿದ್ದರೆ ಟ್ಯಾಂಕ್ ತುಂಬುತ್ತಿರಲಿಲ್ಲ, ಊರಿನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ.

ಅದೇ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಂಚಾಯಿತಿ ಆಫೀಸಿನಲ್ಲಿ ಅವರಿಗೆ ಕೊಡಬೇಕಾದ ಸಂತಾಪ ಪತ್ರ ಟೈಪ್ ಆಗುತ್ತಿತ್ತು. ನಾನು ಅದೇ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು. ಜರ್ನಲಿಸಂ ಓದಿದವಳು ಅಂತ ನನ್ನನ್ನು ಕರೆದು, ‘ಸ್ವಲ್ಪ ನೋಡಮ್ಮ, ಭಾಷೆ ಇನ್ನೂ ಗಟ್ಟಿಯಾಗಬೇಕಾ?’ ಅಂತ ಕಾಗದ ಕೈಗೆ ಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟು:

“ವಿಷಯ: ತಮ್ಮ ಮಾತೃಶ್ರೀಯವರ ನಿಧನಕ್ಕೆ ಸಂತಾಪ ಸೂಚಿಸುವ ಬಗ್ಗೆ.

ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಪೂಜ್ಯ ಮಾತೃಶ್ರೀಯವರು ದೈವಾಧೀನರಾದ ವಿಷಯ ತಿಳಿದು ಪಂಚಾಯಿತಿಯ ಆಡಳಿತ ಮಂಡಳಿ ಹಾಗೂ ಸಿಬ್ಬಂದಿ ವರ್ಗಕ್ಕೆ ತೀವ್ರ ಆಘಾತವಾಗಿರುತ್ತದೆ. ಮೃತರ ಅಗಲಿಕೆಯಿಂದ ತಮ್ಮ ಕುಟುಂಬಕ್ಕೆ ತುಂಬಲಾರದ ನಷ್ಟವುಂಟಾಗಿರುತ್ತದೆ. ಮೃತರ ಆತ್ಮಕ್ಕೆ ಚಿರಶಾಂತಿ ದೊರಕಲೆಂದೂ, ತಮಗೂ ತಮ್ಮ ಕುಟುಂಬ ವರ್ಗದವರಿಗೂ ದುಃಖವನ್ನು ಭರಿಸುವ ಶಕ್ತಿಯನ್ನು ಭಗವಂತನು ದಯಪಾಲಿಸಲೆಂದೂ ಈ ಮೂಲಕ ಪ್ರಾರ್ಥಿಸಲಾಗಿದೆ.”

ಇದನ್ನು ಬರೆದವರು ಕೆಟ್ಟವರಲ್ಲ. ಮಣ್ಣು ಮಾಡುವಾಗ ಅವರೂ ಹೋಗಿ ನಿಂತಿದ್ದರು. ನನ್ನ ಜಗಳ ಈ ಕಾಗದದ ಭಾಷೆಯ ಜೊತೆ. ಇದು ನಮ್ಮ ಪಂಚಾಯಿತಿಯೊಂದರ ಕಾಗದವೂ ಅಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ, ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ, ಸಂಘದಲ್ಲಿ ಯಾರದಾದರೂ ತಂದೆ ತಾಯಿ ಹೋದಾಗ ಹೊರಡುವ ಕಾಗದ ಇದೇ. ದಿನಾಂಕ ಬದಲಾಗುತ್ತದೆ, ಅಷ್ಟೆ.

ಮೊದಲು ಆ ‘ಇರುತ್ತದೆ’ಯನ್ನೇ ಹಿಡಿಯೋಣ. ನಾವು ಮಾತಾಡುವ ಕನ್ನಡದಲ್ಲಿ ‘ಆಗಿದೆ’ಗೂ ‘ಆಗಿರುತ್ತದೆ’ಗೂ ವ್ಯತ್ಯಾಸ ಉಂಟು. ‘ಅವನಿಗೆ ಸುಸ್ತಾಗಿದೆ’ ಅಂದರೆ ನಾನು ಕಣ್ಣಾರೆ ಕಂಡಿದ್ದೇನೆ. ‘ಅವನಿಗೆ ಸುಸ್ತಾಗಿರುತ್ತದೆ’ ಅಂದರೆ ನಾನು ಅಂದಾಜು ಮಾಡುತ್ತಿದ್ದೇನೆ. ‘ಇಷ್ಟೊತ್ತಿಗೆ ಬಸ್ ಹೋಗಿರುತ್ತದೆ’ ಅನ್ನುವ ಹಾಗೆ. ಕಚೇರಿ ಕನ್ನಡ ಈ ವ್ಯತ್ಯಾಸವನ್ನು ನುಂಗಿಹಾಕಿ ಎಲ್ಲ ಕಡೆ ‘ಇರುತ್ತದೆ’ ಅಂತ ಬರೆಯುತ್ತದೆ. ‘ಅರ್ಜಿ ಸ್ವೀಕೃತವಾಗಿರುತ್ತದೆ’ ಅಂತ ಬರೆದರೆ ಯಾರಿಗೂ ನಷ್ಟವಿಲ್ಲ. ಆದರೆ ‘ನಮಗೆ ಆಘಾತವಾಗಿರುತ್ತದೆ’ ಅಂತ ಬರೆದರೆ? ನಮ್ಮ ದುಃಖದ ಬಗ್ಗೆ ನಾವೇ ಅಂದಾಜು ಹೇಳಿದ ಹಾಗಾಯಿತು. ನಮಗೆ ಬೇಜಾರಾಗಿರಬಹುದು, ಫೈಲ್ ನೋಡಿ ಹೇಳುತ್ತೇವೆ ಅಂದ ಹಾಗೆ.

ಇನ್ನು ‘ಪ್ರಾರ್ಥಿಸಲಾಗಿದೆ’. ಯಾರು ಪ್ರಾರ್ಥಿಸಿದರು? ‘ರಸ್ತೆ ಅಗೆಯಲಾಗಿದೆ’, ‘ಅನುದಾನ ಬಿಡುಗಡೆ ಮಾಡಲಾಗಿದೆ’ ಅನ್ನುವಾಗ ಮಾಡಿದವರ ಹೆಸರು ಇಲ್ಲದಿರುವುದರಿಂದ ಯಾರಿಗೆ ಅನುಕೂಲ ಅಂತ ಊರಿಗೇ ಗೊತ್ತು. ಆ ‘ಲಾಗಿದೆ’ ಬರುವುದೇ ಕೇಳುವವರಿಗೆ ಯಾರ ಬಾಗಿಲಿಗೆ ಹೋಗಬೇಕು ಅಂತ ತಿಳಿಯದಿರಲಿ ಅಂತ. ಸಂತಾಪಕ್ಕೂ ಅದನ್ನೇ ಹಚ್ಚಿದರೆ ಆ ದುಃಖಕ್ಕೆ ವಾರಸುದಾರರೇ ಇಲ್ಲ. ಸಾವಿನ ಮನೆಗೆ ಹೋಗಿ ಯಾರಾದರೂ ‘ಬೇಸರಪಡಲಾಗಿದೆ’ ಅಂದದ್ದನ್ನು ಕೇಳಿದ್ದೀರಾ?

ಮೂರನೆಯದು ‘ತೀವ್ರ ಆಘಾತ’. ಆಘಾತ ಅಂದರೆ ಪೆಟ್ಟು, ಎಣಿಸದೇ ಇದ್ದಾಗ ಬೀಳುವ ಹೊಡೆತ. ಆ ತಾಯಿ ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಮಗ ಬೆಳಿಗ್ಗೆ ನೀರು ಬಿಟ್ಟು ಮನೆಗೆ ಓಡಿಹೋಗಿ ಅವರ ಮೈ ಒರೆಸಿ ಗಂಜಿ ಕುಡಿಸಿ ಮತ್ತೆ ಹತ್ತು ಗಂಟೆಗೆ ಆಫೀಸಿಗೆ ಬರುತ್ತಿದ್ದದ್ದು ನಮ್ಮೆಲ್ಲರಿಗೂ ಗೊತ್ತಿತ್ತು. ನಮಗೆ ಬೇಜಾರಾಯಿತು, ನಿಜ. ಆಘಾತ ಯಾರಿಗೂ ಆಗಲಿಲ್ಲ. ಆಗಿದೆ ಅಂತ ಬರೆದರೆ, ಆ ನಾಲ್ಕು ತಿಂಗಳು ಅವರು ಪಟ್ಟ ಪಾಡು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ಓದುವ ಮಗನಿಗೆ ಇದು ತಟ್ಟದೇ ಇರುವುದಿಲ್ಲ.

‘ದೈವಾಧೀನರಾದರು’ ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಸಾವಿಗೆ ಒಂದೊಂದು ಮನೆಯಲ್ಲಿ ಒಂದೊಂದು ಮಾತಿದೆ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯ, ಶಿವೈಕ್ಯ ಅನ್ನುತ್ತಾರೆ. ವೈಷ್ಣವರ ಮನೆಯಲ್ಲಿ ವೈಕುಂಠದ ಮಾತು ಬರುತ್ತದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಅವರವರದೇ ಮಾತುಗಳಿವೆ. ಆತ್ಮ, ಚಿರಶಾಂತಿ ಇವೆಲ್ಲ ಎಲ್ಲರ ನಂಬಿಕೆಯಲ್ಲೂ ಒಂದೇ ರೀತಿ ಕೂರುವುದಿಲ್ಲ. ಆ ಮನೆಯವರೇ ಬಳಸುವ ಮಾತು ನಿಮಗೆ ಸರಿಯಾಗಿ ಗೊತ್ತಿದ್ದರೆ ಅದನ್ನೇ ಬರೆಯಿರಿ. ಗೊತ್ತಿಲ್ಲದಿದ್ದರೆ ‘ತೀರಿಕೊಂಡರು’ ಅನ್ನುವ ಮಾತಿದೆ. ಯಾವ ಮನೆಗೂ ಅದು ಒರಟಲ್ಲ, ಯಾವ ಮನೆಗೂ ಪರಕೀಯವಲ್ಲ. ನಮ್ಮ ನೀರುಗಂಟಿಯವರು ಬುಧವಾರ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೂ ‘ಅವ್ವ ತೀರ್ಕೊಂಡ್ಲು’ ಅಂತಲೇ. ಅವರೇ ಹೇಳಿದ ಮಾತನ್ನು ನಾವು ತಿದ್ದಿ ‘ದೈವಾಧೀನ’ ಮಾಡಿ ವಾಪಸ್ ಕೊಡುವ ಅವಶ್ಯಕತೆ ಏನಿತ್ತು?

ಈ ಭಾಷೆ ಎಲ್ಲಿಂದ ಬಂತು ಅಂತ ನೋಡಿದರೆ ಮೊದಲ ಕಲ್ಲು ನಮ್ಮಂಥವರ ಮೇಲೇ ಬೀಳಬೇಕು. ಪತ್ರಿಕೋದ್ಯಮ ಕಲಿಯುವಾಗ ನಿಧನ ವಾರ್ತೆ ಬರೆಯುವುದನ್ನು ಅಚ್ಚಿಗೆ ಹೊಯ್ದ ಹಾಗೆ ಕಲಿತಿದ್ದೇವೆ: ‘ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ಸತ್ತವರು ಯಾರೇ ಇರಲಿ, ಬಂಧು ಬಳಗ ಅಪಾರವೇ. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಗದಲ್ಲಿ ಸುದ್ದಿ ಮುಟ್ಟಿಸಬೇಕಾದಾಗ ಅದು ನಡೆಯುತ್ತದೆ. ಅಲ್ಲಿಂದ ಅದು ಫ್ಲೆಕ್ಸಿಗೆ ಇಳಿಯಿತು, ‘ಭಾವಪೂರ್ಣ ಶ್ರದ್ಧಾಂಜಲಿ’ ಆಯಿತು. ಫ್ಲೆಕ್ಸಿನಿಂದ ವಾಟ್ಸಾಪಿಗೆ ಬಂತು. ಈಗ ಗ್ರೂಪಿನಲ್ಲಿ ಒಬ್ಬರು ‘ಓಂ ಶಾಂತಿ’ ಹಾಕಿದರೆ ಉಳಿದ ನಲವತ್ತು ಜನ ಅದನ್ನೇ ಒತ್ತಿ ಮುಂದಕ್ಕೆ ಹೋಗುತ್ತಾರೆ.

ಇಲ್ಲಿ ಒಂದು ಗೊಂದಲ ನೇರ ಮಾಡಿಕೊಳ್ಳೋಣ. ಶ್ರದ್ಧಾಂಜಲಿ ಸತ್ತವರಿಗೆ, ಸಂತಾಪ ಬದುಕಿರುವವರಿಗೆ. ಫ್ಲೆಕ್ಸ್, ಸಭೆಯಲ್ಲಿನ ಎರಡು ನಿಮಿಷದ ಮೌನ ಇವು ಮೊದಲನೆಯದು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಬರೆಯುವ ಕಾಗದ ಎರಡನೆಯದು. ಅದನ್ನು ಓದುವವರು ಒಬ್ಬರೇ. ರಾತ್ರಿ ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿರುವ ಒಬ್ಬ ಮನುಷ್ಯ. ನಮ್ಮ ಆ ಕಾಗದವನ್ನು ಇನ್ನೊಮ್ಮೆ ನೋಡಿ. ಅದು ಆತ್ಮದ ಜೊತೆ ಮಾತಾಡುತ್ತದೆ, ಭಗವಂತನ ಜೊತೆ ಮಾತಾಡುತ್ತದೆ, ಆಡಳಿತ ಮಂಡಳಿಯ ಬಗ್ಗೆ ಹೇಳುತ್ತದೆ. ನೀರುಗಂಟಿಯ ಜೊತೆ ಒಂದು ಮಾತೂ ಆಡುವುದಿಲ್ಲ.

ತಮಾಷೆ ಅಂದರೆ, ಬಾಯಿಮಾತಿನಲ್ಲಿ ನಮಗೆ ಇದು ಚೆನ್ನಾಗಿ ಬರುತ್ತದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅಕ್ಕಪಕ್ಕದವರು ಅನ್ನ ಸಾರು ಮಾಡಿ ತಂದಿಡುತ್ತಾರೆ. ಹೋದವರು ಪಕ್ಕದಲ್ಲಿ ಕೂರುತ್ತಾರೆ. ‘ಹೆಂಗಾಯ್ತಪ್ಪ? ರಾತ್ರಿ ಎಷ್ಟೊತ್ತಿಗೆ? ನೀನು ಹತ್ರ ಇದ್ದಾ?’ ಅಂತ ಕೇಳುತ್ತಾರೆ. ‘ಒಂದು ತುತ್ತು ಉಣ್ಣು’ ಅನ್ನುತ್ತಾರೆ. ಸತ್ತವರ ಒಂದು ಹಳೆಯ ಮಾತು ತೆಗೆಯುತ್ತಾರೆ. ಅಷ್ಟೇ. ನಡೆದದ್ದನ್ನು ಹೆಸರಿಟ್ಟು ಹೇಳುವುದು, ಸತ್ತವರ ಒಂದು ನೆನಪು, ಕೈಯಲ್ಲಾದ ಒಂದು ಕೆಲಸ. ಈ ಮೂರೂ ನಮ್ಮ ಊರಿನ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಪೆನ್ನು ಹಿಡಿದ ತಕ್ಷಣ ಮಾತ್ರ ನಾವು ತಾಲ್ಲೂಕು ಕಚೇರಿ ಗುಮಾಸ್ತರಾಗಿಬಿಡುತ್ತೇವೆ.

ಸರಿ, ಕಾಗದ ತಿದ್ದಲು ಕೂತೆ. ಮೊದಲ ಸಲ ನಾನೂ ಕೆಡಿಸಿದೆ. ಕಚೇರಿಯ ಧಾಟಿ ಬೇಡ ಅಂತ ‘ಅಮ್ಮ ಎಂಬ ಎರಡಕ್ಷರದಲ್ಲಿ ಜಗತ್ತೇ ಅಡಗಿದೆ’ ಅಂತ ಶುರು ಮಾಡಿದೆ. ನಾಲ್ಕು ಸಾಲು ಆದಮೇಲೆ ಓದಿಕೊಂಡೆ. ಗ್ರೀಟಿಂಗ್ ಕಾರ್ಡ್ ಹಾಗಿತ್ತು. ಇದನ್ನೂ ಯಾರ ತಾಯಿ ಸತ್ತರೂ ಕೊಡಬಹುದು. ಹಾಗಾದರೆ ಆ ಕಾಗದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದನ್ನು ಹರಿದು ಹಾಕಿದೆ.

ಆಮೇಲೆ ಬರೆಯುವುದನ್ನು ಬಿಟ್ಟು ಕೇಳುವುದಕ್ಕೆ ಶುರು ಮಾಡಿದೆ. ವರದಿ ಮಾಡುವಾಗ ಮಾಡುವ ಕೆಲಸವೇ. ಆಫೀಸಿನಲ್ಲಿದ್ದ ಐದು ಜನರನ್ನು ಒಂದೇ ಪ್ರಶ್ನೆ ಕೇಳಿದೆ: ‘ಆ ಅಜ್ಜಿ ಅಂದರೆ ನಿಮಗೆ ಏನು ನೆನಪಾಗುತ್ತದೆ?’ ಇಬ್ಬರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಊರೆಲ್ಲ ಅವರನ್ನು ಸೊಪ್ಪಿನಜ್ಜಿ ಅನ್ನುತ್ತಿತ್ತು, ಸೊಪ್ಪು ಮಾರುತ್ತಿದ್ದರು ಅಂತ. ಬಿಲ್ ಕಲೆಕ್ಟರ್ ಒಂದು ಮಾತು ಹೇಳಿದರು. ಹಿಂದಿನ ವರ್ಷ ನೀರುಗಂಟಿಗೆ ಜ್ವರ ಬಂದು ಮಲಗಿದ್ದಾಗ ಯಾವ ಬೀದಿಗೆ ಯಾವ ವಾಲ್ವ್ ಅಂತ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವಂತೆ. ಆಗ ಆ ಅಜ್ಜಿಯೇ ಟ್ಯಾಂಕಿನ ಹತ್ತಿರ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಇದು ಮೇಲಿನ ಬೀದಿದು, ಇದು ಕೇರಿದು, ಇದನ್ನ ಅರ್ಧ ಗಂಟೆಗಿಂತ ಜಾಸ್ತಿ ಬಿಡಬೇಡಿ’ ಅಂತ ತೋರಿಸಿಕೊಟ್ಟರಂತೆ. ಮಗನ ಜೊತೆ ಎಷ್ಟೋ ಬೆಳಗಿನ ಜಾವ ಬಂದು ನಿಂತು ನೋಡಿದ್ದರು, ಅದಕ್ಕೇ ಗೊತ್ತಿತ್ತು.

ಇಷ್ಟು ಸಿಕ್ಕಮೇಲೆ ‘ತುಂಬಲಾರದ ನಷ್ಟ’ ಯಾರಿಗೆ ಬೇಕು?

ಈಗ ಕಾಗದದ ಕೊನೆ. ‘ಭರಿಸುವ ಶಕ್ತಿಯನ್ನು ಭಗವಂತನು ದಯಪಾಲಿಸಲಿ.’ ಎಲ್ಲ ಸಂತಾಪ ಪತ್ರಗಳೂ ಮುಗಿಯುವುದು ಇಲ್ಲೇ. ನನಗೆ ಸಿಟ್ಟು ಬಂದದ್ದೂ ಇಲ್ಲೇ. ಅವತ್ತು ಬೆಳಿಗ್ಗೆ ಐದು ಗಂಟೆಗೆ ಆ ಮನುಷ್ಯ ಬಂದು ಮೋಟಾರ್ ಹಾಕಿದ್ದಾರೆ. ಹಾಲುತುಪ್ಪ ಇನ್ನೂ ಆಗಿಲ್ಲ. ಭಗವಂತ ಶಕ್ತಿ ಕೊಡುತ್ತಾನೋ ಇಲ್ಲವೋ, ನಾಳೆ ಬೆಳಿಗ್ಗೆ ಐದಕ್ಕೆ ಇನ್ನೊಬ್ಬರನ್ನು ಕಳಿಸುವ ಶಕ್ತಿ ನಮ್ಮ ಆಫೀಸಿಗಿದೆ. ನಮ್ಮ ಕೈಯಲ್ಲಿರುವ ಕೆಲಸವನ್ನು ದೇವರ ತಲೆಗೆ ಕಟ್ಟಿ ಕಾಗದಕ್ಕೆ ಸೀಲು ಒತ್ತಿದರೆ ಅದು ಭಕ್ತಿಯಲ್ಲ, ಕಳ್ಳಾಟ.

ಇದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಪಿಡಿಓ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ಊರಿನ ನೀರುಗಂಟಿಗೆ ಫೋನ್ ಮಾಡಿದರು. ಆ ಊರೂ ನಮ್ಮ ಪಂಚಾಯಿತಿಯದೇ. ಅಲ್ಲಿ ನೀರು ಬಿಡುವುದು ಸಂಜೆ, ಹಾಗಾಗಿ ಬೆಳಗಿನ ಮೋಟಾರ್ ಅವರು ಒಪ್ಪಿಕೊಂಡರು. ವಾಲ್ವ್ ತಿರುಗಿಸುವುದು ತನಗಿರಲಿ ಅಂತ ಬಿಲ್ ಕಲೆಕ್ಟರ್ ಅಂದರು. ಅಜ್ಜಿ ಕಲಿಸಿಕೊಟ್ಟದ್ದು ಅವರಿಗೊಬ್ಬರಿಗೇ ನೆನಪಿದ್ದದ್ದು. ಇಷ್ಟೂ ಹತ್ತು ನಿಮಿಷದ ಕೆಲಸ. ಬುಧವಾರವೇ ಆಗಬೇಕಿತ್ತು. ನನಗೂ ಬುಧವಾರ ಹೊಳೆಯಲಿಲ್ಲ, ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಆದರೆ ಕಾಗದದ ವಿಷಯದಲ್ಲಿ ಬಿಲ್ ಕಲೆಕ್ಟರ್ ನನ್ನ ಮಾತು ಒಪ್ಪಲಿಲ್ಲ. ಅವರ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅವರು ಹೇಳಿದ್ದು ಇದು: ‘ನೋಡಮ್ಮ, ಅವನಿಗೆ ಜೀವಮಾನದಲ್ಲಿ ಈ ಊರಲ್ಲಿ ಯಾರೂ ತಾವು ಅಂದಿಲ್ಲ. ಏಯ್, ನೀರು ಯಾಕೋ ಬಂದಿಲ್ಲ ಅಂತಲೇ ಎಲ್ಲರೂ ಕರೆಯೋದು. ಅವನ ತಾಯಿಗೆ ಪೂಜ್ಯ ಮಾತೃಶ್ರೀ ಅಂತ ಒಂದು ಸರ್ಕಾರಿ ಕಾಗದದಲ್ಲಾದರೂ ಬರಲಿ. ದೊಡ್ಡವರ ಮನೆಗೆ ಈ ಭಾಷೆ, ಇವನ ಮನೆಗೆ ಮಾತ್ರ ಆಡುಮಾತಾ?’

ನಾನು ತಕ್ಷಣ ಉತ್ತರ ಕೊಡಲಿಲ್ಲ, ಯಾಕೆಂದರೆ ಅದರಲ್ಲಿ ಸತ್ಯ ಇದೆ. ಸರಳವಾಗಿ ಬರೆಯುವ ಹೆಸರಿನಲ್ಲಿ ಕೆಳಗಿನವರಿಗೆ ಸಸಾರವಾಗಿ ಬರೆಯುವುದು ನಡೆಯುತ್ತದೆ. ಹಾಗಾಗಿ ಮೂರು ವಿಷಯ ಒಪ್ಪಿಕೊಂಡೆ. ಕಾಗದ ಪಂಚಾಯಿತಿಯ ಲೆಟರ್‌ಹೆಡ್‌ನಲ್ಲೇ ಹೋಗಲಿ. ದಿನಾ ‘ನೀನು’ ಅನ್ನುವವರೂ ಇದರಲ್ಲಿ ‘ನೀವು’ ಅನ್ನಲಿ. ತಾಯಿಯ ಬಗ್ಗೆ ಬಹುವಚನವೇ ಇರಲಿ. ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ ‘ಅವ್ವ ತೀರ್ಕೊಂಡ್ಲು’ ಅನ್ನುತ್ತಾನೆ. ಅವನ ಬಾಯಲ್ಲಿ ಆ ಏಕವಚನ ಸಲಿಗೆ, ಪ್ರೀತಿ. ನಾವು ‘ನಿಮ್ಮ ಅವ್ವ ತೀರಿಕೊಂಡಳು’ ಅಂತ ಬರೆದರೆ ಅದು ಬೈಗುಳ. ಅವರ ಮಾತು ತೆಗೆದುಕೊಳ್ಳಬೇಕು, ಅವರ ಸಲಿಗೆ ತೆಗೆದುಕೊಳ್ಳಬಾರದು.

‘ತಾವು’ ಮಾತ್ರ ಒಪ್ಪಲಿಲ್ಲ. ನಿನ್ನೆವರೆಗೂ ‘ಏಯ್’ ಅಂದು ಇವತ್ತು ‘ತಮ್ಮ ಪೂಜ್ಯ’ ಅಂದರೆ ಅದು ಏರಿಸಿದ ಹಾಗಲ್ಲ, ದೂರ ತಳ್ಳಿದ ಹಾಗೆ. ನಾಳೆ ಮತ್ತೆ ‘ಏಯ್’ ಅನ್ನುತ್ತೇವೆ ಅಂತ ಅವರಿಗೂ ಗೊತ್ತು. ‘ನೀವು’ ಅಂದರೆ ಅದನ್ನು ನಾಳೆಯೂ ಉಳಿಸಿಕೊಳ್ಳಬಹುದು. ‘ಮಾತೃಶ್ರೀ’ ಕೂಡ ಹಾಗೇ. ಆ ಪದ ಆಹ್ವಾನ ಪತ್ರಿಕೆಯಲ್ಲಿ ಬದುಕಿರುವ ಪದ. ಆ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕರೆದಿಲ್ಲ. ಆ ತಾಯಿಗೆ ನಿಜವಾದ ಮರ್ಯಾದೆ ಅಂದರೆ ಅವರ ಹೆಸರನ್ನು ಸರಿಯಾಗಿ ಬರೆಯುವುದು. ಮೊದಲ ಕಾಗದದಲ್ಲಿ ‘ಮೃತರು’ ಎರಡು ಸಲ ಬಂತು, ಅವರ ಹೆಸರು ಒಂದು ಸಲವೂ ಬರಲಿಲ್ಲ. ರೇಷನ್ ಕಾರ್ಡ್ ನೋಡಿ ಹೆಸರು ತಿಳಿದುಕೊಂಡೆವು. ಊರು ಸೊಪ್ಪಿನಜ್ಜಿ ಅಂತ ಕರೆಯುತ್ತಿದ್ದವರಿಗೆ ಅವರ ಪೂರ್ತಿ ಹೆಸರಿಟ್ಟು ಪಂಚಾಯಿತಿ ಬರೆದದ್ದು ಅದೇ ಮೊದಲಿರಬೇಕು. ಈ ಮಾತಿಗೆ ಬಿಲ್ ಕಲೆಕ್ಟರ್ ತಲೆ ಆಡಿಸಿದರು.

ಕೊನೆಗೆ ಹೋದ ಕಾಗದ ಇದು. ಹೆಸರುಗಳು ಅವರ ಮನೆಯವರದು, ಇಲ್ಲಿ ಬಿಟ್ಟಿದ್ದೇನೆ.

“ಅಣ್ಣನವರಿಗೆ,

ನಿಮ್ಮ ಅವ್ವ ತೀರಿಕೊಂಡರೆಂದು ಬುಧವಾರ ಬೆಳಿಗ್ಗೆ ಗೊತ್ತಾಯಿತು. ನಮಗೆಲ್ಲ ಬಹಳ ಬೇಜಾರಾಗಿದೆ.

ಹೋದ ವರ್ಷ ನಿಮಗೆ ಜ್ವರ ಬಂದಾಗ ಅವರೇ ಟ್ಯಾಂಕಿನ ಹತ್ತಿರ ಬಂದು ಯಾವ ಬೀದಿಗೆ ಯಾವ ವಾಲ್ವ್ ಅಂತ ನಮಗೆ ತೋರಿಸಿಕೊಟ್ಟಿದ್ದರು. ಅವತ್ತು ಊರಿಗೆ ನೀರು ಬಂದದ್ದು ಅವರಿಂದ. ಈ ನಾಲ್ಕು ತಿಂಗಳು ನೀವು ಅವರನ್ನು ನೋಡಿಕೊಂಡದ್ದನ್ನೂ ನಾವು ಕಂಡಿದ್ದೇವೆ.

ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ನೀವು ಬರುವುದು ಬೇಡ. ಬೆಳಗಿನ ಮೋಟಾರ್ ಪಕ್ಕದೂರಿನ ನೀರುಗಂಟಿಯವರು ಹಾಕುತ್ತಾರೆ, ವಾಲ್ವ್ ಬಿಲ್ ಕಲೆಕ್ಟರ್ ನೋಡಿಕೊಳ್ಳುತ್ತಾರೆ.

ಪಂಚಾಯಿತಿಯಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರು”

ಕೆಳಗೆ ಐದು ಜನರ ಸಹಿ. ‘ಸಿಬ್ಬಂದಿ ವರ್ಗ’ ಅಂತ ಒಂದು ಸೀಲು ಒತ್ತುವ ಬದಲು ಒಬ್ಬೊಬ್ಬರೂ ಹೆಸರು ಬರೆದು ಸಹಿ ಹಾಕಿದೆವು.

ಇದರಲ್ಲಿ ಅಲಂಕಾರ ಒಂದೂ ಇಲ್ಲ. ಮೊದಲ ಎರಡು ವಾಕ್ಯ, ಏನಾಯಿತು ಮತ್ತು ನಮಗೆ ಹೇಗನಿಸಿತು. ನಡುವಿನದು ಆ ತಾಯಿಗೆ ಮಾತ್ರ ಸೇರಿದ್ದು, ಇನ್ನೊಬ್ಬರ ತಾಯಿಗೆ ಕಾಪಿ ಮಾಡಲು ಬರುವುದಿಲ್ಲ. ಕೊನೆಯದು ಕೆಲಸ: ಯಾರು, ಏನು, ಎಲ್ಲಿಯವರೆಗೆ. ‘ಏನಾದರೂ ಬೇಕಿದ್ದರೆ ಹೇಳಿ’ ಅಂತ ಬರೆಯಲಿಲ್ಲ. ಹಾಗಂದರೆ ಬೇಕಾದದ್ದನ್ನು ಯೋಚಿಸಿ, ಸಂಕೋಚ ನುಂಗಿ, ನಮ್ಮ ಹತ್ತಿರ ಬಂದು ಕೇಳುವ ಹೊಸ ಕೆಲಸವನ್ನು ಅವರಿಗೇ ಹಚ್ಚಿದ ಹಾಗೆ. ನೀರುಗಂಟಿಯಂಥವರು ಸತ್ತರೂ ಕೇಳುವುದಿಲ್ಲ.

ಪಿಡಿಓ ಒಂದು ಸಾಲು ಸೇರಿಸಬೇಕು ಅಂದರು, ಮರಣ ನೋಂದಣಿಯದು. ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನದೊಳಗೆ ತಿಳಿಸಬೇಕು. ಆಮೇಲಾದರೆ ತಡದ ಶುಲ್ಕ, ಓಡಾಟ. ಮಾತು ಸರಿ, ಆದರೆ ಜಾಗ ಇದಲ್ಲ. ಸಂತಾಪದ ಕಾಗದದಲ್ಲಿ ಅರ್ಜಿಯ ಮಾತು ಬಂದರೆ ಇಡೀ ಕಾಗದ ಅರ್ಜಿಯಾಗುತ್ತದೆ. ಅದನ್ನು ಡಾಟಾ ಎಂಟ್ರಿ ಮಾಡುವ ಹುಡುಗ ಒಂದು ವಾರ ಬಿಟ್ಟು ಮನೆಗೆ ಹೋಗಿ, ತಾನೇ ಫಾರಂ ತುಂಬಿ, ಸಹಿ ಹಾಕಿಸಿಕೊಂಡು ಬಂದ.

ಇಷ್ಟು ಓದಿ ಯಾರಾದರೂ ಈ ಕಾಗದವನ್ನೇ ಸೇವ್ ಮಾಡಿಟ್ಟುಕೊಂಡು ಮುಂದಿನ ಸಾವಿಗೆ ಕಳಿಸಿದರೆ ನನ್ನ ಜಗಳ ವ್ಯರ್ಥ. ಇದು ಎಲ್ಲೆಲ್ಲಿ ನಡೆಯುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ.

ಸತ್ತವರನ್ನು ನೀವು ಕಂಡೇ ಇಲ್ಲದಿದ್ದರೆ ನೆನಪು ಹುಟ್ಟಿಸಬೇಡಿ. ‘ನಿಮ್ಮ ಅಪ್ಪನನ್ನು ನಾನು ನೋಡಿರಲಿಲ್ಲ. ನೀವು ಊಟದ ಹೊತ್ತಿನಲ್ಲಿ ಅವರ ವಿಷಯ ಹೇಳುತ್ತಿದ್ದಿರಿ’ ಅಂತ ಬರೆದರೆ ಸಾಕು, ಅದು ನಿಜವಾಗಿದ್ದರೆ. ಅಪ್ಪ ಕುಡಿದು ಮನೆ ಹಾಳು ಮಾಡಿದವನು, ಮಗಳು ಅವನ ಹೆಸರೆತ್ತದೆ ಹತ್ತು ವರ್ಷ ಆಗಿದೆ ಅಂತ ನಿಮಗೆ ಗೊತ್ತಿದ್ದರೆ ‘ಪ್ರೀತಿಯ ತಂದೆ’ ಅಂತ ಬರೆಯಬೇಡಿ. ‘ವಿಷಯ ಗೊತ್ತಾಯಿತು. ನಿನ್ನ ಜೊತೆ ನಾನಿದ್ದೇನೆ. ನಾಳೆಯ ನಿನ್ನ ಕ್ಲಾಸ್ ನಾನು ತೆಗೆದುಕೊಳ್ಳುತ್ತೇನೆ’, ಅಲ್ಲಿಗೇ ನಿಲ್ಲಿಸಿ. ಕೆಲಸ ಮಾಡಿಕೊಡಲು ನಿಮ್ಮಿಂದ ಆಗದಿದ್ದರೆ ಆ ಸಾಲನ್ನೇ ಬಿಡಿ. ಮೋಟಾರ್ ನಾವು ಹಾಕುತ್ತೇವೆ ಅಂತ ಬರೆದು ಆರನೇ ದಿನ ಯಾರೂ ಹೋಗದೆ, ಊರಿನವರು ಸಾವಿನ ಮನೆಗೇ ಫೋನ್ ಮಾಡಿ ‘ನೀರು ಯಾಕೋ ಬಂದಿಲ್ಲ’ ಅಂದರೆ, ಆ ಮೊದಲ ಕಾಗದವೇ ಎಷ್ಟೋ ವಾಸಿಯಾಗಿತ್ತು.

ಮತ್ತೆ, ಕಾಗದ ತಡ ಮಾಡಬೇಡಿ. ಹನ್ನೊಂದನೇ ದಿನ ಎಲ್ಲರ ಮುಂದೆ ಓದಿ, ಹಾರ ಹಾಕಿದ ಫೋಟೋ ಪಕ್ಕ ನಿಂತು ಕೊಟ್ಟು, ಆ ಫೋಟೋ ಗ್ರೂಪಿಗೆ ಹಾಕುವ ಯೋಚನೆ ನಮ್ಮಲ್ಲೂ ಇತ್ತು. ಹಾಗೆ ಮಾಡಿದ್ದರೆ ಅದು ನಮ್ಮ ಪಂಚಾಯಿತಿಯ ಸುದ್ದಿಯಾಗುತ್ತಿತ್ತು. ಅವರಿಗೆ ಆ ಕಾಗದ ಬೇಕಾಗಿದ್ದದ್ದು ಗುರುವಾರ ಸಂಜೆ, ಯಾಕೆಂದರೆ ಶುಕ್ರವಾರ ಬೆಳಿಗ್ಗೆ ಐದಕ್ಕೆ ಅವರು ಮತ್ತೆ ಸೈಕಲ್ ಹತ್ತುವವರಿದ್ದರು. ಸಂಜೆಯೇ ಬಿಲ್ ಕಲೆಕ್ಟರ್ ಹೋಗಿ ಕೈಗೆ ಕೊಟ್ಟು, ಬಾಯಲ್ಲೂ ಹೇಳಿ, ಪಂಪ್ ಹೌಸಿನ ಬೀಗದ ಕೈ ಇಸಿದುಕೊಂಡು ಬಂದರು.

ಹನ್ನೆರಡನೇ ದಿನ ಬೆಳಿಗ್ಗೆ ನೀರುಗಂಟಿ ಆಫೀಸಿಗೆ ಬಂದರು. ತಲೆ ಬೋಳಿಸಿಕೊಂಡಿದ್ದರು, ಇಳಿದುಹೋಗಿದ್ದರು. ಕಾಗದದ ವಿಷಯ ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು ಬಿಲ್ ಕಲೆಕ್ಟರ್ ಕಡೆ ನೋಡಿದರು.

‘ಅಣ್ಣ, ಮೇಲಿನ ಬೀದಿ ವಾಲ್ವ್ ನೀವು ಪೂರ್ತಿ ತಿರುಗಿಸ್ತಾ ಇರ್ಲಿಲ್ಲ ಅನ್ಸುತ್ತೆ. ಕೊನೇ ಮನೆಗೆ ನೀರು ಹತ್ತಿಲ್ಲ. ಅವ್ವ ನಿಮಗೆ ಸರಿಯಾಗಿ ಹೇಳಿಕೊಟ್ಟಿಲ್ವಾ?’

ಹೇಳಿಕೊಟ್ಟಿದ್ದರು, ನಾನೇ ಮರೆತೆ ಅಂದರು ಬಿಲ್ ಕಲೆಕ್ಟರ್. ಇಬ್ಬರೂ ಎದ್ದು ಟ್ಯಾಂಕಿನ ಕಡೆ ಹೋದರು.